ಮಂಡಿಗೆ ಯಾವ ಪಟ್ಟಿ, ಯಾರಿಗೆ ಬೇಡ

(ಹಿರಿಯರ ಬಳಗವೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಐದು ಸಾಮಾನು ಇಟ್ಟಿದ್ದೇನೆ. ಮೆಡಿಕಲ್ ಶಾಪಿಗೆ ಹೋಗಿ "ಮಂಡಿ ನೋವಿಗೆ ಬೆಲ್ಟ್ ಕೊಡಿ" ಅಂದರೆ ಇವುಗಳಲ್ಲಿ ಯಾವುದು ಬೇಕಾದರೂ ನಿಮ್ಮ ಕೈಗೆ ಬರಬಹುದು. ಹೆಚ್ಚಾಗಿ ಬರುವುದು ಈ ಮೊದಲನೆಯದು. ಬಟ್ಟೆಯದೋ ರಬ್ಬರಿನಂಥ ನಿಯೋಪ್ರೀನ್‌ನದೋ ಒಂದು ಕೊಳವೆ. ಇದಕ್ಕೆ ನಾವು ನೀ ಕ್ಯಾಪ್ ಅನ್ನುತ್ತೇವೆ. ಎರಡನೆಯದು ನೋಡೋಕೆ ಅದೇ ತರಹ ಇದೆ, ಆದರೆ ಎರಡೂ ಪಕ್ಕದಲ್ಲಿ ಲೋಹದ ಕೀಲು ಇದೆ. ಇದು ಹಿಂಜ್ ಇರುವ ಬ್ರೇಸ್. ಮೂರನೆಯದು ತೊಡೆಯಿಂದ ಪಾದದ ಗಂಟಿನ ಹತ್ತಿರದವರೆಗೆ ಬರುತ್ತದೆ. ಒಳಗೆ ಪಟ್ಟಿಗಳಿವೆ, ಮಂಡಿಯನ್ನು ಮಡಚೋಕೆ ಬಿಡುವುದಿಲ್ಲ. ಅದು ಲಾಂಗ್ ನೀ ಬ್ರೇಸ್. ನಾಲ್ಕನೆಯದು ಮಂಡಿ ಚಿಪ್ಪಿನ ಕೆಳಗೆ ಕಟ್ಟುವ ಸಣ್ಣ ಸ್ಟ್ರಾಪ್. ಐದನೆಯದು ಆಫ್‌ಲೋಡರ್ ಬ್ರೇಸ್. ಇದು ದುಬಾರಿ. ಕೆಲವು ಸಾವಿರದಿಂದ ಶುರುವಾಗಿ ಹತ್ತಾರು ಸಾವಿರದವರೆಗೆ ಹೋಗುತ್ತದೆ.

ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರ ಇಲ್ಲ. ನಾನು ರೋಗಿಗಳಿಗೆ ಹೇಳಿಕೊಡುವುದು ಬೇರೆ ಪ್ರಶ್ನೆ. ಈ ಪಟ್ಟಿ ಮಂಡಿಯನ್ನು ಯಾವ ಕಡೆಗೆ ತಳ್ಳುತ್ತದೆ? ನನ್ನ ತೊಂದರೆ ಯಾವ ಕಡೆ ಇದೆ? ಇವೆರಡೂ ಹೊಂದಿಕೆಯಾದರೆ ಮಾತ್ರ ದುಡ್ಡು ಕೊಡಿ.

ಮೊದಲು ನೀ ಕ್ಯಾಪ್ ನೋಡೋಣ. ಅದು ಮಂಡಿಯನ್ನು ಯಾವ ಕಡೆಗೂ ತಳ್ಳುವುದಿಲ್ಲ. ಸುತ್ತಲೂ ಒಂದೇ ಸಮ ಹಿಡಿದುಕೊಳ್ಳುತ್ತದೆ, ಅಷ್ಟೆ. ನಡೆಯುವಾಗ ಮಂಡಿಯ ಮೇಲೆ ನಿಮ್ಮ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಅರವತ್ತೈದು ಕೆಜಿ ಇರುವವರಿಗೆ ಒಂದೊಂದು ಹೆಜ್ಜೆಗೂ ನೂರೈವತ್ತು ಕೆಜಿಯ ಆಸುಪಾಸು. ಬಟ್ಟೆಯ ಕೊಳವೆ ಅದರಲ್ಲಿ ಏನನ್ನೂ ಹೊರಲಾರದು. ಮೂಳೆಯ ನಡುವಿನ ಜಾಗವನ್ನು ಹೆಚ್ಚಿಸಲಾರದು, ಮೂಳೆಯ ತುದಿಯನ್ನು ಮುಚ್ಚಿರುವ ನುಣುಪು ಪದರ, ಅಂದರೆ ಕಾರ್ಟಿಲೇಜ್, ಸವೆದಿದ್ದರೆ ಅದನ್ನು ಬೆಳೆಸಲಾರದು.

ಹಾಗಾದರೆ ಹಾಕಿಕೊಂಡಾಗ ಹಾಯೆನಿಸುವುದು ಸುಳ್ಳಾ? ಸುಳ್ಳಲ್ಲ. ಬೆಚ್ಚಗಿರುತ್ತದೆ. ಚರ್ಮದ ಮೇಲಿನ ಒತ್ತಡದಿಂದ ಕಾಲು ಎಲ್ಲಿದೆ, ಹೇಗೆ ಬಾಗುತ್ತಿದೆ ಅನ್ನುವ ಅರಿವು ಸ್ವಲ್ಪ ಚುರುಕಾಗುತ್ತದೆ. ಆ ಧೈರ್ಯಕ್ಕೆ ಕೆಲವರು ನಾಲ್ಕು ಹೆಜ್ಜೆ ಜಾಸ್ತಿ ನಡೆಯುತ್ತಾರೆ. ಅದು ಒಳ್ಳೆಯದೇ. ಸವೆತ ಈಗಷ್ಟೇ ಶುರುವಾಗಿರುವವರು ಬೆಳಗಿನ ವಾಕಿಂಗಿಗೆ ಹಾಕಿಕೊಂಡರೆ ನಾನು ಬೇಡ ಅನ್ನುವುದಿಲ್ಲ. "ನೀ ಕ್ಯಾಪ್ ಹಾಕಿದರೆ ಸ್ನಾಯು ಸೋತುಹೋಗುತ್ತದೆ" ಅಂತ ಹೆದರಿಸುವವರೂ ಇದ್ದಾರೆ. ಅದನ್ನು ಹಾಕಿಕೊಂಡು ಓಡಾಡಿಕೊಂಡಿದ್ದರೆ ಹಾಗೇನೂ ಆಗುವುದಿಲ್ಲ. ಸ್ನಾಯು ಸೋಲುವುದು ಕಾಲನ್ನು ಬಳಸದೇ ಇದ್ದಾಗ.

ಈಗ ಒಬ್ಬರ ವಿಷಯ ಹೇಳುತ್ತೇನೆ. ಹೆಸರು ಬೇಡ. ಐವತ್ತೆಂಟು ವರ್ಷದ ಅಂಗನವಾಡಿ ಕಾರ್ಯಕರ್ತೆ. ದಿನವಿಡೀ ಮಕ್ಕಳ ಜೊತೆ ನೆಲದ ಮೇಲೆ ಕೂತು ಏಳುವ ಕೆಲಸ. ಬಲ ಮಂಡಿಯ ಒಳಭಾಗದಲ್ಲಿ ನೋವು. ಎರಡೂ ಮಂಡಿಗೆ ನೀ ಕ್ಯಾಪ್ ಹಾಕಿಕೊಂಡೇ ಬಂದಿದ್ದರು. ಹಗಲೂ ರಾತ್ರಿ ತೆಗೆಯುತ್ತಿರಲಿಲ್ಲ. "ಮೇಡಂ, ಇದನ್ನ ಬಿಚ್ಚಿದ್ರೆ ಮಂಡಿ ಕಳಚಿಕೊಳ್ಳುತ್ತೇನೋ ಅನ್ಸುತ್ತೆ" ಅಂದರು.

ಬಿಚ್ಚಿಸಿ ನೋಡಿದೆ. ಕ್ಯಾಪಿನ ಮೇಲಂಚು ಸುರುಳಿ ಸುತ್ತಿಕೊಂಡು ತೊಡೆಯ ಮೇಲೆ ಬಳೆಯ ಹಾಗೆ ಕೂತಿತ್ತು. ಅಲ್ಲಿ ಆಳವಾದ ಗೆರೆ, ಮಂಡಿಯ ಹಿಂದೆ ಬೆವರಿನಿಂದ ಕೆಂಪು ಗುಳ್ಳೆ, ಕೆಳಗೆ ಪಾದದ ಗಂಟಿನ ಹತ್ತಿರ ಊತ. ಊತವನ್ನು ಅವರು ಮಂಡಿ ರೋಗದ್ದೇ ಅಂದುಕೊಂಡಿದ್ದರು. ಸುರುಳಿಯಾದ ಅಂಚು ರಕ್ತ ಮೇಲಕ್ಕೆ ಹೋಗುವುದನ್ನು ತಡೆಯುತ್ತಿತ್ತು. ರಾತ್ರಿ ಕ್ಯಾಪ್ ತೆಗೆಯೋಕೆ ಶುರು ಮಾಡಿ, ಅಳತೆಗೆ ತಕ್ಕ ದೊಡ್ಡ ಸೈಜ್ ಹಾಕಿದ ಮೇಲೆ ಆ ಊತ ಇಳಿಯಿತು. ಇಲ್ಲಿರುವವರು ಇವತ್ತೇ ಮನೆಗೆ ಹೋಗಿ ನೋಡಿಕೊಳ್ಳಿ. ಕ್ಯಾಪ್ ತೆಗೆದ ಮೇಲೂ ತುಂಬಾ ಹೊತ್ತು ಅಂಚಿನ ಗೆರೆ ಉಳಿದರೆ ಅದು ಬಿಗಿ ಅಂತಲೇ ಅರ್ಥ. ಸೈಜನ್ನು ಕಣ್ಣಳತೆಯಲ್ಲಿ ತೆಗೆದುಕೊಳ್ಳಬೇಡಿ. ಡಬ್ಬದ ಮೇಲೆ ಎಲ್ಲಿ ಅಳೆಯಬೇಕು ಅಂತ ಚಿತ್ರ ಇರುತ್ತದೆ. ನಿಂತುಕೊಂಡು ಟೇಪಿನಿಂದ ಅಲ್ಲೇ ಅಳೆಯಿರಿ.

ಆಮೇಲೆ ಅವರನ್ನು ಪಾದ ಜೋಡಿಸಿ ನಿಲ್ಲಿಸಿದೆ. ಎರಡು ಮಂಡಿಗಳ ನಡುವೆ ನನ್ನ ಮೂರು ಬೆರಳು ಹೋಗುವಷ್ಟು ಜಾಗ ಇತ್ತು. ಕಾಲು ಹೊರಕ್ಕೆ ಬಾಗಿದೆ. ನಮ್ಮಲ್ಲಿ ಮಂಡಿ ಸವೆತದ ತುಂಬಾ ಜನರಲ್ಲಿ ಇದೇ ಕಾಣುತ್ತದೆ. ನೆಟ್ಟಗಿನ ಕಾಲಿನಲ್ಲೂ ನಡೆಯುವಾಗ ಮಂಡಿಯ ಒಳಭಾಗಕ್ಕೇ ಜಾಸ್ತಿ ಭಾರ ಬೀಳುತ್ತದೆ. ಕಾಲು ಹೊರಕ್ಕೆ ಬಾಗಿದರೆ ಅದು ಇನ್ನೂ ಹೆಚ್ಚುತ್ತದೆ. ಹೆಚ್ಚಿದಷ್ಟೂ ಒಳಭಾಗ ಸವೆಯುತ್ತದೆ, ಸವೆದಷ್ಟೂ ಕಾಲು ಬಾಗುತ್ತದೆ.

ಅವರ ಹತ್ತಿರ ಎಕ್ಸ್-ರೇ ಇತ್ತು. ಅದರಲ್ಲಿ ಅಂಥ ದೊಡ್ಡ ಸವೆತ ಕಾಣಲಿಲ್ಲ, ಯಾಕಂದರೆ ಮಲಗಿಸಿ ತೆಗೆದಿದ್ದರು. ಮಲಗಿದಾಗ ಮಂಡಿಯ ಮೇಲೆ ಭಾರವೇ ಇರುವುದಿಲ್ಲ, ಮೂಳೆಗಳ ನಡುವಿನ ಜಾಗ ಚೆನ್ನಾಗಿಯೇ ಕಾಣುತ್ತದೆ. ನಿಂತು ತೆಗೆಸಿದ ಎಕ್ಸ್-ರೇಯಲ್ಲಿ ಒಳಭಾಗದ ಜಾಗ ತೀರಾ ಕಡಿಮೆಯಾಗಿತ್ತು, ಹೊರಭಾಗ ಚೆನ್ನಾಗಿತ್ತು. ಮಂಡಿ ಸವೆತಕ್ಕೆ ಎಕ್ಸ್-ರೇ ತೆಗೆಸುವಾಗ "ನಿಂತು ತೆಗೀತೀರಾ?" ಅಂತ ಕೇಳಿ. ಯಾವ ಭಾಗ ಸವೆದಿದೆ ಅಂತ ಗೊತ್ತಾಗದೆ ಐದನೇ ಸಾಮಾನು, ಆ ಆಫ್‌ಲೋಡರ್, ಕೊಳ್ಳಬಾರದು.

ಈಗ ಆ ಆಫ್‌ಲೋಡರ್ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುತ್ತೇನೆ. ಬಾಗಿದ ಕೋಲನ್ನು ನೆಟ್ಟಗೆ ಮಾಡಬೇಕಾದರೆ ಏನು ಮಾಡುತ್ತೀರಿ? ಎರಡು ತುದಿ ಹಿಡಿದು, ಉಬ್ಬಿದ ನಡುಭಾಗವನ್ನು ಒಳಕ್ಕೆ ಒತ್ತುತ್ತೀರಿ. ಈ ಬ್ರೇಸ್ ಮಾಡುವುದೂ ಅದನ್ನೇ. ಒಳತೊಡೆಯಲ್ಲಿ ಒಂದು ಕಡೆ, ಮೀನಖಂಡದ ಒಳಬದಿಯಲ್ಲಿ ಒಂದು ಕಡೆ ಆನಿಸಿಕೊಂಡು, ಮಂಡಿಯ ಹೊರಬದಿಯಿಂದ ಒಳಕ್ಕೆ ಒತ್ತುತ್ತದೆ. ಹೀಗೆ ಒಳಭಾಗದ ಭಾರದಲ್ಲಿ ಒಂದು ಪಾಲನ್ನು ಹೊರಭಾಗಕ್ಕೆ ದಾಟಿಸುತ್ತದೆ. ಹೊರಭಾಗ ಚೆನ್ನಾಗಿರಬೇಕು ಅನ್ನುವುದು ಇದಕ್ಕೇ. ಎರಡೂ ಕಡೆ ಸವೆದಿದ್ದರೆ ಭಾರವನ್ನು ಎಲ್ಲಿಗೆ ದಾಟಿಸುವುದು? ಅಂಥವರಿಗೆ ಇದು ಬೇಡ. ಮಂಡಿಯನ್ನು ಪೂರ್ತಿ ನೀಡೋಕೆ ಆಗದವರಿಗೆ ಇದು ಸರಿಯಾಗಿ ಕೂರುವುದೇ ಇಲ್ಲ. ಕಾಲಿನಲ್ಲಿ ಉಬ್ಬಿದ ರಕ್ತನಾಳಗಳು ಜಾಸ್ತಿ ಇದ್ದವರು ಡಾಕ್ಟರನ್ನು ಕೇಳದೆ ಹಾಕಬಾರದು. ತೊಡೆ ತುಂಬಾ ದಪ್ಪ, ಮೆತ್ತಗೆ ಇದ್ದರೆ ಒತ್ತಡವೆಲ್ಲ ಮಾಂಸದಲ್ಲೇ ಕಳೆದುಹೋಗುತ್ತದೆ, ಮೂಳೆಗೆ ಮುಟ್ಟುವುದಿಲ್ಲ. ಜಾರಿಕೊಂಡು ಕೆಳಗೂ ಬರುತ್ತದೆ.

ನಮ್ಮ ಅಂಗನವಾಡಿ ಅಕ್ಕನಿಗೆ ಇದು ಹೊಂದುವಂತಿತ್ತು. ಆದರೂ ಅವತ್ತೇ ಬರೆದುಕೊಡಲಿಲ್ಲ. ಮೊದಲು ಮೂರು ಕೆಲಸ ಹೇಳಿದೆ. ನೆಲದ ಬದಲು ಸಣ್ಣ ಸ್ಟೂಲು. ಹೊರಗೆ ಹೋಗುವಾಗ ಕೋಲು, ಅದೂ ಎಡಗೈಯಲ್ಲಿ. ನೋವು ಬಲಗಾಲಲ್ಲಿ ಇದ್ದರೆ ಕೋಲು ಎಡಗೈಯಲ್ಲೇ ಇರಬೇಕು. ಬಲಗಾಲು ಮುಂದಿಡುವಾಗಲೇ ಕೋಲೂ ಮುಂದೆ ಹೋಗಬೇಕು. ಆಗ ಮಂಡಿಯ ಮೇಲಿನ ಭಾರ ನಿಜವಾಗಿಯೂ ಇಳಿಯುತ್ತದೆ. ನೋವಿರುವ ಕಡೆಯೇ ಕೋಲು ಹಿಡಿದು ನಡೆಯುವವರನ್ನು ದಿನಾ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಕೋಲು ಸರಿಯಾದ ಕೈಯಲ್ಲಿದ್ದರೆ ಎಷ್ಟೋ ದುಬಾರಿ ಬೆಲ್ಟಿಗಿಂತ ಮೇಲು. ಮೂರನೆಯದು ವ್ಯಾಯಾಮ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಐದು ಸೆಕೆಂಡು ಕೆಳಕ್ಕೆ ಒತ್ತುವುದು, ಹತ್ತು ಸಲ. ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು, ಮೆಲ್ಲಗೆ ಕೂರುವುದು, ಎಂಟು ಹತ್ತು ಸಲ. ವಾರಗಳು ಕಳೆದಂತೆ ಕುರ್ಚಿಯ ಎತ್ತರ ಕಡಿಮೆ ಮಾಡುತ್ತಾ ಹೋಗುವುದು.

ಆರು ವಾರಕ್ಕೆ ನೋವು ಇಳಿಯಿತು. ಆದರೆ ಮನೆಯಿಂದ ಕೇಂದ್ರಕ್ಕೆ ನಡೆಯುವಾಗ ಅರ್ಧ ದಾರಿಯಲ್ಲಿ ನಿಲ್ಲಲೇಬೇಕಿತ್ತು. ಆಗ ಬ್ರೇಸ್ ಹಾಕಿ ನೋಡೋಣ ಅಂತ ಹೊರಟೆವು.

ಹಾಕುವ ಕ್ರಮ ಮುಖ್ಯ. ಕುರ್ಚಿಯ ಅಂಚಿನಲ್ಲಿ ಕೂತು ಮಂಡಿ ಮಡಚಿರಬೇಕು. ಬ್ರೇಸಿನ ಕೀಲು ಮಂಡಿ ಚಿಪ್ಪಿನ ನಡುಮಧ್ಯದ ಎತ್ತರಕ್ಕೆ, ಪಕ್ಕದಿಂದ ನೋಡಿದರೆ ಸ್ವಲ್ಪ ಹಿಂದಕ್ಕೆ ಬರಬೇಕು. ಮೊದಲು ಮೀನಖಂಡದ ಉಬ್ಬಿನ ಮೇಲಿನ ಪಟ್ಟಿ ಬಿಗಿಯಬೇಕು. ಅದು ಉಬ್ಬಿನ ಮೇಲೆ ಕೂತರೆ ಮಾತ್ರ ಇಡೀ ಬ್ರೇಸ್ ಕೆಳಗೆ ಜಾರುವುದಿಲ್ಲ. ಆಮೇಲೆ ತೊಡೆಯ ಪಟ್ಟಿ. ಭಾರ ದಾಟಿಸುವ ಅಡ್ಡ ಪಟ್ಟಿಯನ್ನು ಕೊನೆಗೆ ಎಳೆಯಬೇಕು. ಕಂಪನಿಯಿಂದ ಕಂಪನಿಗೆ ಕ್ರಮ ಸ್ವಲ್ಪ ಬದಲಾಗುತ್ತದೆ, ಜೊತೆಗೆ ಕೊಡುವ ಹಾಳೆ ಓದಿ. ಸೀರೆಯ ಮೇಲೆ ಕಟ್ಟಿದರೆ ನಿಲ್ಲುವುದಿಲ್ಲ. ಇವರು ಲಂಗದ ಒಳಗೆ ತೆಳು ಲೆಗ್ಗಿಂಗ್ಸ್ ಹಾಕಿ ಅದರ ಮೇಲೆ ಕಟ್ಟಿದರು. ಬೆವರಿಗೂ ಅದೇ ಅನುಕೂಲವಾಯಿತು.

ಮೊದಲ ದಿನ ಅರ್ಧ ಗಂಟೆ. ತೆಗೆದು ಚರ್ಮ ನೋಡುವುದು. ಕೆಂಪು ಸ್ವಲ್ಪ ಹೊತ್ತಿನಲ್ಲಿ ಹೋದರೆ ಸರಿ, ಹೋಗದಿದ್ದರೆ ಪಟ್ಟಿ ಸಡಿಲಿಸಬೇಕು. ಹೀಗೆ ಒಂದೆರಡು ವಾರದಲ್ಲಿ ಸಮಯ ಹೆಚ್ಚಿಸುತ್ತಾ ಹೋಗುವುದು. ನಡೆಯುವಾಗ, ನಿಲ್ಲುವಾಗ ಮಾತ್ರ. ಕೂತಾಗ ತೆಗೆಯಬಹುದು. ಮಲಗುವಾಗ ಬೇಡವೇ ಬೇಡ.

ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಗೊತ್ತಾಗೋಕೆ ಒಂದು ದಾರಿ ಹೇಳಿಕೊಟ್ಟೆ. ಮನೆಯಿಂದ ಕೇಂದ್ರಕ್ಕೆ ಹೋಗುವ ಅದೇ ದಾರಿ. ತಲುಪಿದ ಕೂಡಲೇ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಬರೆಯಬೇಕು. ಒಂದು ವಾರ ಬ್ರೇಸ್ ಇಲ್ಲದೆ, ಆಮೇಲೆ ಬ್ರೇಸ್ ಹಾಕಿ. ಅವರದು ಆರರಿಂದ ನಾಲ್ಕಕ್ಕೆ ಬಂತು, ದಾರಿಯಲ್ಲಿ ನಿಲ್ಲುವುದು ತಪ್ಪಿತು. ಮೆಟ್ಟಿಲು ಇಳಿಯುವ ನೋವು ಹಾಗೇ ಇತ್ತು. ಕಾಲಿನ ಬಾಗು ಹಾಗೇ ಇದೆ, ಬ್ರೇಸ್ ತೆಗೆದರೆ ಭಾರ ಮತ್ತೆ ಮೊದಲಿನ ಜಾಗಕ್ಕೇ ಹೋಗುತ್ತದೆ. ಈಗಲೂ ಅವರು ಅದನ್ನು ಕೇಂದ್ರಕ್ಕೆ, ಸಂತೆಗೆ ಹೋಗುವಾಗ ಮಾತ್ರ ಹಾಕುತ್ತಾರೆ. ಒಂದೂವರೆ ತಿಂಗಳು ಸರಿಯಾಗಿ ಹಾಕಿಯೂ ಅಂಕ ಇಳಿಯದಿದ್ದರೆ ಮುಂದುವರಿಸೋಕೆ ಕಾರಣ ಇಲ್ಲ. ಸಾಧ್ಯವಾದರೆ ಕೊಳ್ಳುವ ಮೊದಲೇ ಹಾಕಿಕೊಂಡು ನಡೆದು ನೋಡೋಕೆ ಬಿಡುವ ಕಡೆ ತೆಗೆದುಕೊಳ್ಳಿ.

ಈ ಬ್ರೇಸ್ ಬಗ್ಗೆ ದೊಡ್ಡ ಸಂಸ್ಥೆಗಳೂ ಒಂದೇ ಮಾತು ಹೇಳುವುದಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಕಾಲೇಜು ತನ್ನ 2019ರ ಮಾರ್ಗಸೂಚಿಯಲ್ಲಿ, ನಡಿಗೆಗೆ ತೊಂದರೆಯಾಗುವಷ್ಟು ಮಂಡಿ ಸವೆತ ಇದ್ದವರಿಗೆ ಇಂಥ ಬ್ರೇಸನ್ನೂ ಕೋಲನ್ನೂ ಬಲವಾಗಿಯೇ ಶಿಫಾರಸು ಮಾಡಿತು. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ, ಎಲ್ಲರಿಗೂ ಸುಮ್ನೆ ಬ್ರೇಸ್ ಕೊಡಬೇಡಿ ಅಂದಿತು. ಮಂಡಿ ಅಲ್ಲಾಡುತ್ತಿದ್ದರೆ ಅಥವಾ ಭಾರ ಒಂದೇ ಕಡೆ ಬೀಳುತ್ತಿದ್ದರೆ, ಅದರ ಜೊತೆಗೆ ಬರೀ ವ್ಯಾಯಾಮದಿಂದ ಆಗುತ್ತಿಲ್ಲ ಅಂತಾದರೆ ಮಾತ್ರ ಕೊಡಿ ಅಂತ ಅದರ ಸಲಹೆ. ನನ್ನ ಅನುಭವ ಬ್ರಿಟನ್ನಿನವರ ಮಾತಿಗೇ ಹತ್ತಿರ. ಹೊಂದುವವರಿಗೆ ಇದು ಉಪಕಾರಿ, ಆದರೆ ಹೊಂದುವವರು ಕಡಿಮೆ.

ಸವೆತ ಚಿಪ್ಪಿನ ಹಿಂಭಾಗದಲ್ಲಿ ಇದ್ದರೆ ಲೆಕ್ಕ ಬೇರೆ. ಮೆಟ್ಟಿಲು ಇಳಿಯುವಾಗ, ತುಂಬಾ ಹೊತ್ತು ಕೂತು ಏಳುವಾಗ ಮಂಡಿಯ ಮುಂಭಾಗವೇ ನೋಯುತ್ತದೆ ಅನ್ನುವವರು ಇವರು. ಇಂಥವರಿಗೆ ಚಿಪ್ಪನ್ನು ಹಿಡಿದುಕೊಳ್ಳುವ ಬ್ರೇಸ್ ಬರುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನವರು 126 ಜನರಲ್ಲಿ ಆರು ವಾರ ಇದನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ನೋವು ಕಡಿಮೆಯಾಗಿತ್ತು, ಎಂಆರ್‌ಐಯಲ್ಲಿ ಚಿಪ್ಪಿನ ಮೂಳೆಯೊಳಗಿನ ಹಾನಿಯ ಗುರುತೂ ಕುಗ್ಗಿತ್ತು. ಹಾಗಾಗಿ ಮುಂಭಾಗದ ನೋವಿಗೆ ಆಫ್‌ಲೋಡರ್ ಕೊಳ್ಳುವುದು ದಂಡ. ಚಿಪ್ಪು ಹಿಡಿಯುವ ಈ ಬ್ರೇಸನ್ನೇ ಕೇಳಿ ತೆಗೆದುಕೊಳ್ಳಿ.

ಮೂಳೆಗೆ ಮೂಳೆಯನ್ನು ಕಟ್ಟಿ ಹಿಡಿಯುವ ಲಿಗಮೆಂಟ್ ವಿಷಯಕ್ಕೆ ಬರೋಣ. ನಿಮ್ಮ ಮನೆಯ ಹುಡುಗರಿಗೆ ಬೇಕಾದ ಮಾತು ಇದು. ಕಬಡ್ಡಿ ಆಡುವಾಗ ಕಾಲು ನೆಲದಲ್ಲಿ ಊರಿ ಮೈ ತಿರುಗಿತು, "ಟಕ್" ಅಂತ ಸದ್ದು ಬಂತು, ಒಂದೆರಡು ಗಂಟೆಯೊಳಗೆ ಮಂಡಿ ಊದಿತು. ಎರಡು ಮೂರು ವಾರಕ್ಕೆ ಊತ ಇಳಿಯಿತು, ನೆಟ್ಟಗೆ ನಡೆಯಬಹುದು. ಆದರೆ ತಟ್ಟನೆ ತಿರುಗಿದರೆ ಮಂಡಿ ಜಾರುತ್ತದೆ. ಮಂಡಿಯ ನಡುವಿನ ಎಸಿಎಲ್ ಲಿಗಮೆಂಟ್ ಹರಿದಾಗ ಹೀಗೆ ಆಗುತ್ತದೆ. ಈ ಹುಡುಗರು ನೀ ಕ್ಯಾಪ್ ಹಾಕಿ ಮತ್ತೆ ಅಂಕಣಕ್ಕೆ ಇಳಿಯುತ್ತಾರೆ. ಕ್ಯಾಪ್ ಧೈರ್ಯ ಕೊಡುತ್ತದೆ, ಮಂಡಿಯನ್ನು ಹಿಡಿಯುವುದಿಲ್ಲ. ಒಂದೊಂದು ಸಲ ಜಾರಿದಾಗಲೂ ಒಳಗಿನ ಮೆನಿಸ್ಕಸ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಹರಿಯುವ ಅಪಾಯ ಇದೆ. ಹಿಂಜ್ ಇರುವ ಬ್ರೇಸ್ ಕೂಡ ಆಟದ ರಭಸದ ತಿರುಗುವಿಕೆಯನ್ನು ಪೂರ್ತಿ ತಡೆಯಲಾರದು. ಜಾರುವ ಮಂಡಿಗೆ ಮೊದಲು ಬೇಕಾದ್ದು ಪರೀಕ್ಷೆ, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ, ಕೆಲವರಿಗೆ ಆಪರೇಷನ್. ಆಪರೇಷನ್ ಆದ ಮೇಲೂ, ಎಸಿಎಲ್ ಒಂದನ್ನೇ ಕಟ್ಟಿದ್ದರೆ, ಎಲ್ಲರಿಗೂ ಬ್ರೇಸ್ ಹಾಕಿಸುವುದರಿಂದ ಲಾಭ ಇಲ್ಲ ಅಂತ ಅಮೆರಿಕದ ಮೂಳೆ ಸರ್ಜನ್ನರ ಅಕಾಡೆಮಿ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ಮೆನಿಸ್ಕಸ್ ಹೊಲಿದಿದ್ದರೆ, ಬೇರೆ ಲಿಗಮೆಂಟೂ ಕಟ್ಟಿದ್ದರೆ ಮಾತು ಬೇರೆ. ಆಗ ಸರ್ಜನ್ ಹೇಳಿದಂತೆ ಹಾಕಲೇಬೇಕು.

ಹಿಂಜ್ ಬ್ರೇಸ್ ನಿಜವಾಗಿ ಕೈಹಿಡಿಯುವುದು ಮಂಡಿಯ ಒಳಪಕ್ಕದ ಎಂಸಿಎಲ್ ಲಿಗಮೆಂಟಿಗೆ ಪೆಟ್ಟಾದಾಗ. ಹೊರಗಿನಿಂದ ಯಾರೋ ಬಂದು ಗುದ್ದಿ ಮಂಡಿ ಒಳಕ್ಕೆ ಬಾಗಿರುತ್ತದೆ. ನೋವು ಒಳಪಕ್ಕದಲ್ಲಿ, ಒತ್ತಿದರೆ ಅಲ್ಲೇ ಸಿಗುತ್ತದೆ. ಈ ಲಿಗಮೆಂಟಿಗೆ ರಕ್ತ ಚೆನ್ನಾಗಿ ಹರಿಯುತ್ತದೆ. ಹೆಚ್ಚಿನವು ಆಪರೇಷನ್ ಇಲ್ಲದೆ ಕೂಡುತ್ತವೆ. ಅದು ಕೂಡುವವರೆಗೆ ಮಂಡಿ ಪಕ್ಕಕ್ಕೆ ಬಾಗಬಾರದು, ಆದರೆ ಹಿಂದೆ ಮುಂದೆ ಮಡಚಬೇಕು. ಎರಡು ಪಕ್ಕದ ಕೀಲು ಮಾಡುವುದು ಸರಿಯಾಗಿ ಇದೇ ಕೆಲಸ. ಪೆಟ್ಟು ಎಷ್ಟು ಅನ್ನುವುದರ ಮೇಲೆ ಮೂರರಿಂದ ಆರು ವಾರ ಸಾಮಾನ್ಯ. ಆಮೇಲೆ ತೆಗೆಯಬೇಕು.

ಮೂರನೆಯ ಸಾಮಾನು, ಈ ಉದ್ದನೆಯ ಬ್ರೇಸ್, ಮುರಿದ ಚಿಪ್ಪಿಗೆ, ಜಾರಿದ ಚಿಪ್ಪಿಗೆ, ಕೆಲವು ಆಪರೇಷನ್ ಆದ ಮೊದಲ ದಿನಗಳಿಗೆ. ಸವೆತದ ನೋವಿಗೆ ಇದನ್ನು ಕಟ್ಟಿಕೊಂಡು ಮಲಗಿದ ಹಿರಿಯರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಎರಡು ವಾರ ಮಂಡಿ ಅಲ್ಲಾಡದಿದ್ದರೆ ತೊಡೆಯ ಸ್ನಾಯು ಕಣ್ಣಿಗೆ ಕಾಣುವಷ್ಟು ಸಣ್ಣಗಾಗುತ್ತದೆ, ಮಂಡಿ ಬಿಗಿಯುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಇನ್ನು ಚಿಪ್ಪಿನ ಕೆಳಗಿನ ಸಣ್ಣ ಸ್ಟ್ರಾಪ್ ಓಡುವ, ಜಿಗಿಯುವ ಮಕ್ಕಳ ಮತ್ತು ಆಟಗಾರರ ಸ್ನಾಯುರಜ್ಜು ನೋವಿಗೆ. ಸವೆತಕ್ಕೆ ಅದರಿಂದ ಏನೂ ಇಲ್ಲ.

ಯಾವುದೇ ಪಟ್ಟಿ ಹಾಕಿದಾಗಲೂ ಇದನ್ನು ನೆನಪಿಡಿ. ಮಂಡಿಯ ಹೊರಪಕ್ಕ, ಸ್ವಲ್ಪ ಕೆಳಗೆ, ಒಂದು ಸಣ್ಣ ಮೂಳೆಯ ಗುಬ್ಬಿ ಕೈಗೆ ಸಿಗುತ್ತದೆ. ಈಗಲೇ ಮುಟ್ಟಿ ನೋಡಿ. ಅದರ ಪಕ್ಕದಲ್ಲೇ, ಚರ್ಮದ ಕೆಳಗೇ ಪಾದವನ್ನು ಮೇಲೆತ್ತುವ ನರ ಹಾದುಹೋಗುತ್ತದೆ. ಪಟ್ಟಿ ಅಲ್ಲಿ ಒತ್ತಿದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ, ಆಮೇಲೆ ಪಾದ ಎತ್ತೋಕೆ ಆಗದೆ ಎಡವುತ್ತೀರಿ. ಜೋಮು ಬಂದ ಕೂಡಲೇ ಬಿಚ್ಚಿ. ಬಿಚ್ಚಿದರೂ ಹೋಗದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಜೋಮೂ ಗೊತ್ತಾಗುವುದಿಲ್ಲ, ಗಾಯವೂ ಗೊತ್ತಾಗುವುದಿಲ್ಲ. ಅವರು ದಿನಾ ಕಣ್ಣಿನಿಂದಲೇ ನೋಡಬೇಕು, ಇಲ್ಲವೇ ಮನೆಯವರ ಹತ್ತಿರ ತೋರಿಸಬೇಕು. ಮೀನಖಂಡ ಒಂದೇ ಕಾಲಲ್ಲಿ ಊದಿ ನೋಯುತ್ತಿದ್ದರೆ, ಮಂಡಿ ಬಿಸಿಯಾಗಿ ಊದಿ ಜ್ವರ ಬಂದರೆ, ಮಂಡಿ ಅರ್ಧಕ್ಕೆ ಲಾಕ್ ಆಗಿ ನೀಡೋಕೇ ಆಗದಿದ್ದರೆ ಬೆಲ್ಟ್ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ತಾಮ್ರದ ನೂಲಿನ ಕ್ಯಾಪ್, ಅಯಸ್ಕಾಂತದ ಬೆಲ್ಟ್ ಬಗ್ಗೆ ಒಬ್ಬರು ಕೇಳಿದರು. ತಾಮ್ರದ ಬಳೆ ಮತ್ತು ಅಯಸ್ಕಾಂತದ ಪಟ್ಟಿಯನ್ನು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಸವೆತದ ರೋಗಿಗಳ ಮಣಿಕಟ್ಟಿಗೆ ಹಾಕಿ ಪರೀಕ್ಷಿಸಿದ್ದಾರೆ. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನಕಲಿ ಪಟ್ಟಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ತಾಮ್ರ ಸೇರಿಸಿದ ಕ್ಯಾಪಿಗೆ ಜಾಸ್ತಿ ದುಡ್ಡು ಕೊಡಬೇಡಿ. ಸಾದಾ ಕ್ಯಾಪ್ ಕೊಡುವ ಬಿಸಿಯೇ ಅದರಲ್ಲೂ ಇರುವುದು.

"ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡರೆ ಸಾಲದಾ?" ಅಂತ ಒಬ್ಬ ಅಜ್ಜಿ ಕೇಳಿದರು. ಉಳುಕಿದ ಮೊದಲ ದಿನಗಳಲ್ಲಿ ಊತಕ್ಕೆ ಸರಿ, ಅಮ್ಮ. ಕೆಳಗಿನಿಂದ ಮೇಲಕ್ಕೆ ಸುತ್ತಿ, ಕೆಳಗೆ ಸ್ವಲ್ಪ ಬಿಗಿ, ಮೇಲೆ ಸಡಿಲ ಇರಲಿ. ರಾತ್ರಿ ಬಿಚ್ಚಿ. ನಡೆಯೋಕೆ ಶುರು ಮಾಡಿದರೆ ಅದು ಹತ್ತು ನಿಮಿಷಕ್ಕೇ ಸಡಿಲವಾಗುತ್ತದೆ, ಆಮೇಲೆ ಇದ್ದೂ ಇಲ್ಲದ ಹಾಗೆ.

ಕೊನೆಯ ಪ್ರಶ್ನೆ, ಮಂಡಿ ಬದಲಿ ಆಪರೇಷನ್ ಆದ ಮೇಲೆ ನೀ ಕ್ಯಾಪ್ ಹಾಕಬೇಕಾ ಅಂತ. ಎಲ್ಲವೂ ಸರಿಯಾಗಿ ಆಗಿದ್ದರೆ ಬೇಕಿಲ್ಲ. ಹೊಸ ಮಂಡಿಗೆ ಆಧಾರ ಕೊಡುವುದು ತೊಡೆಯ ಸ್ನಾಯು. ಅದಕ್ಕೆ ಬಲ ಬರುವವರೆಗೆ ವಾಕರ್, ಆಮೇಲೆ ಕೋಲು ಸಾಕು. ತಿಂಗಳುಗಳಾದ ಮೇಲೂ ಹೊಸ ಮಂಡಿ ಜಾರಿದಂತಾಗುತ್ತಿದ್ದರೆ ಕ್ಯಾಪ್ ಕೊಳ್ಳಬೇಡಿ. ಆಪರೇಷನ್ ಮಾಡಿದ ಸರ್ಜನ್ನರಿಗೇ ಹೋಗಿ ತೋರಿಸಿ.